ಟ್ರಾನ್ಸ್‌ಫಾರ್ಮರ್ ಎಣ್ಣೆ ಫಿಲ್ಟರ್ ಮಾಡಿ ಮೂರೇ ತಿಂಗಳಿಗೆ ಬಿಡಿವಿ 62ರಿಂದ 33ಕ್ಕೆ ಇಳಿದಿದೆ: ಎಣ್ಣೆ ಬದಲಿಸಬೇಕಾ?

ಮಲ್ಪೆ_ಐಸ್‌ಪ್ಲಾಂಟ್
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಜುಗಡ್ಡೆ ಮಾಡುವ ಪ್ಲಾಂಟ್, ಬಂದರಿನ ಹತ್ತಿರವೇ. 11 ಕೆವಿಯಿಂದ 433 ವೋಲ್ಟ್‌ಗೆ ಇಳಿಸುವ 500 ಕೆವಿಎ ಟ್ರಾನ್ಸ್‌ಫಾರ್ಮರ್ ಉಂಟು, ಸ್ವಂತದ್ದು. 2009ರ ಮಾಲು, ಮೇಲೆ ಎಣ್ಣೆ ಹಿಗ್ಗಲು ಕನ್ಸರ್ವೇಟರ್ ಟ್ಯಾಂಕು, ಒಳಗೆ ಹೋಗುವ ಗಾಳಿಯ ತೇವ ಹೀರಲು ಸಿಲಿಕಾ ಜೆಲ್ ಬ್ರೀದರ್ ಎಲ್ಲ ಇದೆ. ಎಣ್ಣೆ ಹೆಚ್ಚುಕಡಿಮೆ 500 ಲೀಟರ್ ಹಿಡಿಯುತ್ತದೆ.

ಜನವರಿಯಲ್ಲಿ ಟೆಸ್ಟ್ ಮಾಡಿಸಿದಾಗ ಬಿಡಿವಿ, ಅಂದರೆ ಕಿಡಿ ಹಾರದೆ ಎಣ್ಣೆ ತಡೆಯುವ ವೋಲ್ಟೇಜ್, 24 ಕೆವಿ, ನೀರು 46 ಪಿಪಿಎಂ, ಆಸಿಡಿಟಿ 0.26 ಬಂತು. ಗುತ್ತಿಗೆದಾರರು ಫೆಬ್ರವರಿಯಲ್ಲಿ ಮಷೀನ್ ತಂದು ನಾಲ್ಕು ಗಂಟೆ ಫಿಲ್ಟರ್ ಮಾಡಿದರು. ಅವತ್ತೇ ಬಿಡಿವಿ 62, ನೀರು 12. ಎಲ್ಲರಿಗೂ ಖುಷಿ, ಬಿಲ್ಲೂ ಪಾಸಾಯ್ತು. ಮೊನ್ನೆ ಮೇ ತಿಂಗಳಲ್ಲಿ ಮತ್ತೆ ನೋಡಿಸಿದರೆ ಬಿಡಿವಿ 33, ನೀರು 34, ಆಸಿಡಿಟಿ 0.27. ಈಗ ಅದೇ ಗುತ್ತಿಗೆದಾರರು "ಎಣ್ಣೆ ಮುಗಿಯಿತು, ಪೂರ್ತಿ ಬದಲಿಸಿ" ಅನ್ನುತ್ತಾರೆ. ಮಾಲೀಕರು ನನ್ನ ಮುಖ ನೋಡುತ್ತಿದ್ದಾರೆ. ನಾನು ಮೋಸ ಹೋದೆನಾ, ಅಥವಾ ಎಣ್ಣೆ ನಿಜಕ್ಕೂ ಹೋಗಿದೆಯಾ?

ಫಿಲ್ಟರ್_ಬಸಣ್ಣ
ನೋಡ್ರಿ, ನಾನೂ ಇದೇ ಧಂದೆದಾಗ ಇದ್ದೀನಿ, ಹುಬ್ಬಳ್ಳಿ ಕಡೆ. ಇದ್ರಾಗ ಮೋಸ ಏನಿಲ್ಲ. 62 ಬಂದೈತಿ ಅಂದ್ರ ಮಷೀನ್ ತನ್ನ ಕೆಲಸ ಮಾಡೇತಿ. ಮೂರು ತಿಂಗಳಿಗೆ ಬಿದ್ದೈತಿ ಅಂದ್ರ ಎಣ್ಣಿಗೆ ತಾಕತ್ತಿಲ್ಲ, ಹಳೇದಾಗೇತಿ. ಬದಲಿ ಮಾಡ್ರಿ, ತಲಿಬ್ಯಾನಿ ಹೋಗ್ತೈತಿ. ಬಿಡಿವಿ ಒಂದು ಸರಿ ಇದ್ರ ಉಳಿದದ್ದೆಲ್ಲ ಸರಿ ಇರ್ತೈತಿ, ನಾ ಇಪ್ಪತ್ತು ವರ್ಷದಿಂದ ನೋಡೇನಿ.

ಎಣ್ಣೆ_ಪರೀಕ್ಷಕಿ
ಬಸಣ್ಣನವರೇ, ಕೊನೆಯ ಸಾಲು ಬಿಟ್ಟು ಮಿಕ್ಕದ್ದನ್ನು ಆಮೇಲೆ ಚರ್ಚಿಸೋಣ. ಮಲ್ಪೆಯವರಿಗೆ ಮೊದಲು ಕೆಲವು ಪ್ರಶ್ನೆ. ಮೇ ತಿಂಗಳ ಸ್ಯಾಂಪಲ್ ಯಾರು ತೆಗೆದರು, ಯಾವುದರಲ್ಲಿ ತೆಗೆದರು? ತೆಗೆದಾಗ ಎಣ್ಣೆಯ ಬಿಸಿ ಎಷ್ಟಿತ್ತು? ರಿಪೋರ್ಟಿನಲ್ಲಿ ಬಿಡಿವಿಯ ಆರೂ ರೀಡಿಂಗ್ ಕೊಟ್ಟಿದ್ದಾರಾ, ಅಥವಾ ಸರಾಸರಿ ಮಾತ್ರವಾ? ಫೆಬ್ರವರಿಯಲ್ಲಿ ಫಿಲ್ಟರ್ ಆದ ದಿನ ಆಸಿಡಿಟಿ ನೋಡಿಸಿದ್ದೀರಾ?

ಮಲ್ಪೆ_ಐಸ್‌ಪ್ಲಾಂಟ್
ಮೇಡಂ, ಮೇ ತಿಂಗಳದ್ದು ಲ್ಯಾಬಿನವರೇ ಬಂದು ತೆಗೆದದ್ದು. ಕೆಳಗಿನ ವಾಲ್ವಿನಿಂದ ಎರಡು ಲೀಟರ್ ಬಕೆಟಿಗೆ ಬಿಟ್ಟು, ಅದೇ ಎಣ್ಣೆಯಲ್ಲಿ ಗಾಜಿನ ಬಾಟಲಿ ತೊಳೆದು ತುಂಬಿಸಿದರು. ಮಧ್ಯಾಹ್ನ, ಪೂರ್ತಿ ಲೋಡ್. ಎಣ್ಣೆಯ ಥರ್ಮಾಮೀಟರ್ 55 ಡಿಗ್ರಿ ತೋರಿಸುತ್ತಿತ್ತು. ಟೆಸ್ಟ್ ಮಾಡಿದ್ದು 27 ಡಿಗ್ರಿಯಲ್ಲಿ ಎಂದು ಬರೆದಿದ್ದಾರೆ. ಆರು ರೀಡಿಂಗ್: 41, 36, 29, 34, 27, 31.

ಜನವರಿಯದ್ದು ಹೇಳಲು ನಾಚಿಕೆ ಆಗ್ತದೆ. ನಮ್ಮ ಹುಡುಗ ಬಿಸ್ಲೇರಿ ತರಹದ ನೀರಿನ ಬಾಟಲಿಯಲ್ಲಿ ತುಂಬಿಸಿ, ವಾಲ್ವಿನ ಬಾಯಿಯನ್ನು ವೇಸ್ಟ್ ಕಾಟನ್‌ನಲ್ಲಿ ಒರೆಸಿ ಕಳಿಸಿದ್ದ. ಫೆಬ್ರವರಿಯಲ್ಲಿ ಆಸಿಡಿಟಿ ಯಾರೂ ನೋಡಲಿಲ್ಲ. ಸರ್ಟಿಫಿಕೇಟಿನಲ್ಲಿ ಬಿಡಿವಿ ಮತ್ತು ನೀರು ಮಾತ್ರ ಇದೆ.

ಎಣ್ಣೆ_ಪರೀಕ್ಷಕಿ
ಹಾಗಾದರೆ ಜನವರಿಯ 24 ಮತ್ತು 46, ಎರಡನ್ನೂ ಮರೆತುಬಿಡಿ. ಬಿಡಿವಿ ಕಪ್‌ನಲ್ಲಿ ಎರಡು ಎಲೆಕ್ಟ್ರೋಡ್ ನಡುವೆ ಇರುವ ಸಂದು 2.5 ಮಿಲಿಮೀಟರ್ ಮಾತ್ರ. ಕಾಟನ್‌ನ ಒಂದು ಎಳೆ ಅಲ್ಲಿ ತೇಲಿ ಬಂದು, ನೀರು ಹೀರಿಕೊಂಡು ಅಡ್ಡ ನಿಂತರೆ ಸಾಕು, ಕಿಡಿ ಹಾರುತ್ತದೆ. ನೀರಿನ ಬಾಟಲಿಯ ತಳದಲ್ಲಿ ಉಳಿದ ತೇವವೇ ಪಿಪಿಎಂ ಏರಿಸುತ್ತದೆ. ಆದರೆ ಆಸಿಡಿಟಿ ಹಾಗಲ್ಲ, ಬಾಟಲಿ ಕೊಳಕಾಗಿದ್ದರೂ ಅದು ಹೆಚ್ಚುಕಡಿಮೆ ಆಗುವುದಿಲ್ಲ. ಆದ್ದರಿಂದ ಜನವರಿಯ 0.26 ನಂಬಬಹುದು. ಮೇ ತಿಂಗಳ 0.27 ಕೂಡ ಅದೇ ಸಂಖ್ಯೆ ಎಂದುಕೊಳ್ಳಿ. ಕೆಒಎಚ್ ಹನಿ ಹಾಕಿ ಬಣ್ಣ ತಿರುಗುವುದನ್ನು ನೋಡುವ ಪರೀಕ್ಷೆಯಲ್ಲಿ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಅಂದರೆ ನಾಲ್ಕು ಗಂಟೆಯ ಫಿಲ್ಟರ್ ಆಸಿಡ್ಡನ್ನು ಮುಟ್ಟಲೇ ಇಲ್ಲ. ವ್ಯಾಕ್ಯೂಮ್ ಮಷೀನ್ ತೆಗೆಯುವುದು ನೀರು, ಗಾಳಿ, ಕಸ. ಎಣ್ಣೆಯಲ್ಲಿ ಕರಗಿ ಕೂತ ಆಸಿಡ್ ಅಲ್ಲಿಯೇ ಇರುತ್ತದೆ. ಬಿಡಿವಿ 62 ತೋರಿಸುತ್ತಿರುವಾಗಲೂ ಅದು 0.26 ಆಗಿಯೇ ಇದ್ದಿರಬೇಕು. ಬಿಡಿವಿ ಸರಿಯಿದ್ದರೆ ಎಲ್ಲ ಸರಿ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಆರು ರೀಡಿಂಗ್. ಸರಾಸರಿ 33 ಸರಿ, ಆದರೆ 27ರಿಂದ 41ರವರೆಗೆ ಹರಡಿಕೊಂಡಿದೆ. ನೀರೊಂದೇ ಕಾರಣವಾಗಿದ್ದರೆ ಸಾಮಾನ್ಯವಾಗಿ ಆರೂ ಒಂದೇ ಸುಮಾರಿನಲ್ಲಿ ಕೆಳಗಿರುತ್ತವೆ. ಹೀಗೆ ಚೆದುರಿದರೆ ನಾರಿನ ಎಳೆಗಳೂ ಇವೆ ಎಂದು ನನ್ನ ಅಂದಾಜು, ಖಚಿತ ಅಲ್ಲ.

ಫಿಲ್ಟರ್_ಬಸಣ್ಣ
ಮೇಡಂ, ನಾವು ಫಿಲ್ಟರ್ ಮಾಡಿದ ಮ್ಯಾಲೆ ಆಸಿಡ್ ಇಳಿದದ್ದು ನಾ ಕಣ್ಣಾರೆ ನೋಡೇನ್ರಿ. ರಿಪೋರ್ಟ್ ಇಟ್ಟೀನಿ.

ಎಣ್ಣೆ_ಪರೀಕ್ಷಕಿ
ನಿಮ್ಮ ಮಷೀನಿನಲ್ಲಿ ಫುಲ್ಲರ್ಸ್ ಅರ್ತ್ ತುಂಬಿದ ಕಂಬ ಇತ್ತಾ?

ಫಿಲ್ಟರ್_ಬಸಣ್ಣ
ಒಂದು ಕಾಲಕ್ಕ ಇತ್ತು. ಮುಲ್ತಾನಿ ಮಣ್ಣಿನಂಥಾದ್ದು ತುಂಬತಿದ್ವಿ. ಹೊಲಸು ಕೆಲಸ, ಎಣ್ಣಿ ಕುಡಿದ ಆ ಮಣ್ಣು ಎಲ್ಲಿ ಚೆಲ್ಲಬೇಕು ಅಂತನ ಗೊತ್ತಾಗ್ತಿರಲಿಲ್ಲ. ಈಗ ಬಿಟ್ಟೇವಿ.

ಎಣ್ಣೆ_ಪರೀಕ್ಷಕಿ
ಆಸಿಡ್ ಇಳಿಸಿದ್ದು ಆ ಮಣ್ಣು, ವ್ಯಾಕ್ಯೂಮ್ ಅಲ್ಲ. ನೀವು ನೋಡಿದ್ದು ನಿಜವೇ.

ಹೊಲ_ಮನೆ_ಮಂಡ್ಯ
ಅಣ್ಣ, ನಮ್ಮ ಬೋರ್‌ವೆಲ್ ಹತ್ರ 25 ಕೆವಿಎ ಟಿಸಿ ಐತೆ. ಅದ್ರಲ್ಲಿ ಎಣ್ಣೆ ಕಮ್ಮಿ ಆಗೈತೆ, ಕೆಳಗೆ ಜಿನುಗ್ತಾ ಐತೆ. ಹೊಸ ಎಣ್ಣೆ ಎಲ್ಲಿ ಸಿಗುತ್ತೆ, ಎಷ್ಟು ಹುಯ್ಯಬೇಕು? ನಾವೇ ಹುಯ್ಕೋಬೋದಾ?

ನಿವೃತ್ತ_ಸಬ್‌ಸ್ಟೇಶನ್
ತಮ್ಮಾ, ಆ ಟಿಸಿ ನಿನ್ನದಲ್ಲ, ಕಂಪನಿಯದ್ದು. ಮುಚ್ಚಳಕ್ಕೆ ಕೈ ಹಾಕಬೇಡ, 11 ಕೆವಿ ಅದು. ಜಿನುಗುತ್ತಿರುವ ಫೋಟೋ ತೆಗೆದು ಸೆಕ್ಷನ್ ಆಫೀಸಿನಲ್ಲಿ ಬರೆದುಕೊಟ್ಟು, ದೂರಿನ ನಂಬರ್ ಇಟ್ಟುಕೋ. ಇಲ್ಲಿ ನಡೀತಿರೋದು ಬೇರೆ ಮಾತು.

ಮಲ್ಪೆಯವರಿಗೆ: ನೀವು ಎಲ್ಲ ಹೇಳಿದಿರಿ, ಬ್ರೀದರಿನ ಸ್ಥಿತಿ ಹೇಳಲಿಲ್ಲ. ಜೆಲ್ ಈಗ ಯಾವ ಬಣ್ಣ? ಮುಖ್ಯವಾಗಿ, ಮೇಲಿನಿಂದ ಬಣ್ಣ ತಿರುಗಿದೆಯಾ, ಕೆಳಗಿನಿಂದಲಾ? ತಳದ ಕಪ್‌ನಲ್ಲಿ ಎಣ್ಣೆ ಇದೆಯಾ?

ಮಲ್ಪೆ_ಐಸ್‌ಪ್ಲಾಂಟ್
ಈಗಷ್ಟೇ ಹೋಗಿ ನೋಡಿ ಬಂದೆ. ನೀಲಿ ಜೆಲ್, ಫೆಬ್ರವರಿಯಲ್ಲಿ ಹೊಸದು ತುಂಬಿದ್ದು. ಕಪ್‌ನಲ್ಲಿ ಎಣ್ಣೆ ಗೆರೆಯವರೆಗೂ ಇದೆ. ಆದರೆ ವಿಚಿತ್ರ ಮಾರಾಯ್ರೆ, ಮೇಲಿನ ಅರ್ಧ ಪಿಂಕ್ ಆಗಿದೆ, ಕೆಳಗಿನ ಅರ್ಧ ಇನ್ನೂ ನೀಲಿ. ನಾನು "ಅರ್ಧ ಉಳಿದಿದೆಯಲ್ಲ, ಅಡ್ಡಿಲ್ಲ" ಅಂತ ಬಿಟ್ಟಿದ್ದೆ.

ನಿವೃತ್ತ_ಸಬ್‌ಸ್ಟೇಶನ್
ಸಿಕ್ಕಿತಲ್ಲ. ಗಾಳಿ ಒಳಗೆ ಹೋಗುವುದು ಕೆಳಗಿನ ಎಣ್ಣೆ ಕಪ್ ಮೂಲಕ. ಹಾಗಾಗಿ ಸರಿಯಿರುವ ಬ್ರೀದರಿನಲ್ಲಿ ಜೆಲ್ ಕೆಳಗಿನಿಂದ ಮೇಲಕ್ಕೆ ಬಣ್ಣ ತಿರುಗುತ್ತಾ ಬರಬೇಕು. ನಿಮ್ಮದು ಮೇಲಿನಿಂದ ತಿರುಗಿದೆ ಎಂದರೆ ತೇವದ ಗಾಳಿ ಬ್ರೀದರಿನ ಮೇಲೆ ಎಲ್ಲೋ ನುಗ್ಗುತ್ತಿದೆ. ಬ್ರೀದರಿನ ಮೇಲಿನ ಫ್ಲೇಂಜು, ಅಲ್ಲಿಂದ ಕನ್ಸರ್ವೇಟರಿಗೆ ಹೋಗುವ ಪೈಪಿನ ಜಾಯಿಂಟು, ಕನ್ಸರ್ವೇಟರಿನ ತುಂಬುವ ಕ್ಯಾಪು, ಇಷ್ಟನ್ನು ನೋಡಿ. ಹಗಲು ಲೋಡಿಗೆ ಎಣ್ಣೆ ಹಿಗ್ಗುತ್ತದೆ, ರಾತ್ರಿ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಕಪ್‌ನ ಎಣ್ಣೆ ದಾಟಿ ಬರುವುದಕ್ಕಿಂತ ಬಿರುಕಿನಿಂದ ಬರುವುದು ಗಾಳಿಗೆ ಸುಲಭ. ಸಮುದ್ರದ ದಡದಲ್ಲಿ ಅದು ಎಂಥ ಗಾಳಿ ಎಂದು ನಾನು ಹೇಳಬೇಕಿಲ್ಲ.

ಬಿಡಿವಿ ಬಿದ್ದದ್ದಕ್ಕೆ ಇದೇ ಕಾರಣ ಅಂತ ನನ್ನ ಮಾತು. ಎಣ್ಣೆಯ ತಪ್ಪಿಲ್ಲ.

ಎಣ್ಣೆ_ಪರೀಕ್ಷಕಿ
ಸರ್, ಬಿರುಕು ಖಂಡಿತ ಮುಚ್ಚಬೇಕು. ಆದರೆ ಬಿರುಕು ಇಲ್ಲದಿದ್ದರೂ ಈ ಎಣ್ಣೆಯಲ್ಲಿ ನೀರು ವಾಪಸ್ ಬರುತ್ತಿತ್ತು. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

500 ಲೀಟರ್ ಎಣ್ಣೆ ಎಂದರೆ ಸುಮಾರು 440 ಕೆಜಿ. 12 ಪಿಪಿಎಂನಿಂದ 34ಕ್ಕೆ ಏರಿದೆ, ಅಂದರೆ ಹೆಚ್ಚಾದದ್ದು 22 ಪಿಪಿಎಂ. 440 ಕೆಜಿಗೆ ಅದು 10 ಗ್ರಾಂ ನೀರು ಕೂಡ ಇಲ್ಲ, ಎರಡು ಟೀ ಚಮಚ ಅಷ್ಟೆ. ಈಗ ವೈಂಡಿಂಗಿಗೆ ಸುತ್ತಿದ ಪೇಪರು, ಪ್ರೆಸ್‌ಬೋರ್ಡು ಎಲ್ಲ ಸೇರಿ 60 ಕೆಜಿ ಅಂದುಕೊಳ್ಳಿ. ಹದಿನೈದು ವರ್ಷ ದಾಟಿದ ಟ್ರಾನ್ಸ್‌ಫಾರ್ಮರಿನ ಪೇಪರಿನಲ್ಲಿ ತೂಕದ ನೂರಕ್ಕೆ 3 ಭಾಗ ನೀರಿದ್ದರೆ ಆಶ್ಚರ್ಯವಿಲ್ಲ. ಅದು 1.8 ಕೆಜಿ. ಎರಡೂ ಸಂಖ್ಯೆ ನನ್ನ ಅಂದಾಜು, ನಿಮ್ಮದರಲ್ಲಿ ಅರ್ಧವೇ ಇರಲಿ, ಆದರೂ ಸುಮಾರು ಒಂದು ಕೆಜಿ ನೀರು ಪೇಪರಿನಲ್ಲಿ, ಚಮಚಗಳ ಲೆಕ್ಕದ ನೀರು ಎಣ್ಣೆಯಲ್ಲಿ. ನಾಲ್ಕು ಗಂಟೆಯ ಫಿಲ್ಟರ್ ಚಮಚದ ನೀರನ್ನು ತೆಗೆಯಿತು. ಆಮೇಲೆ ಲೋಡ್ ಬಂದು ವೈಂಡಿಂಗ್ ಬಿಸಿಯಾದಾಗ ಪೇಪರು ತನ್ನ ನೀರಿನಲ್ಲಿ ಒಂದಿಷ್ಟನ್ನು ಎಣ್ಣೆಗೆ ಬಿಟ್ಟುಕೊಟ್ಟಿತು. ಹಿಂಡದ ಬಟ್ಟೆಯನ್ನು ಬಕೆಟಿನಲ್ಲಿ ಬಿಟ್ಟು, ಬಕೆಟಿನ ನೀರು ಮಾತ್ರ ಚೆಲ್ಲಿದ ಹಾಗೆ.

ಬಿಸಿಯ ವಿಷಯವೂ ಇದೆ. ಎಣ್ಣೆ ಎಷ್ಟು ನೀರನ್ನು ಕರಗಿಸಿಕೊಳ್ಳಬಲ್ಲದು ಎನ್ನುವುದು ಬಿಸಿಯ ಮೇಲೆ ನಿಂತಿದೆ. ಲ್ಯಾಬಿನಲ್ಲಿ ನಾವು ಬಳಸುವ ಅಂದಾಜು ಸೂತ್ರ ಇದು, T ಎಂದರೆ ಕೆಲ್ವಿನ್‌ನಲ್ಲಿ:

```
log10(S) = 7.09 - 1567/T
```

55 ಡಿಗ್ರಿಯಲ್ಲಿ S ಸುಮಾರು 205 ಪಿಪಿಎಂ. ನಿಮ್ಮ 34 ಅದರ ಆರನೇ ಒಂದು ಭಾಗ ಮಾತ್ರ, ಎಣ್ಣೆಗೆ ಏನೂ ಅನಿಸುವುದಿಲ್ಲ. 27 ಡಿಗ್ರಿಗೆ ತಣಿದಾಗ S ಸುಮಾರು 74, ಅದೇ 34 ಈಗ ಅರ್ಧದ ಹತ್ತಿರ. ಬಿಡಿವಿ ಬೀಳುವುದು ಪಿಪಿಎಂ ನೋಡಿ ಅಲ್ಲ, ಈ ಪಾಲನ್ನು ನೋಡಿ. ಓಡುತ್ತಿರುವ ಟ್ರಾನ್ಸ್‌ಫಾರ್ಮರಿನ ಒಳಗೆ ಈ ಎಣ್ಣೆ 33ಕ್ಕಿಂತ ಚೆನ್ನಾಗಿಯೇ ನಿಂತಿರುತ್ತದೆ. ಅಪಾಯ ಇರುವುದು ಪೂರ್ತಿ ಲೋಡಿನಲ್ಲಿ ಓಡಿ, ಮಳೆಯ ದಿನ ಬಂದ್ ಆಗಿ, ತಣ್ಣಗಾಗಿ, ಬೆಳಿಗ್ಗೆ ಚಾರ್ಜ್ ಮಾಡುವ ಹೊತ್ತಿನಲ್ಲಿ. ಸೂತ್ರ ಹೊಸ ಎಣ್ಣೆಗೆ ಹೇಳಿದ್ದು. ಆಸಿಡ್ ಇರುವ ಹಳೆಯ ಎಣ್ಣೆ ಇನ್ನೂ ಸ್ವಲ್ಪ ಹೆಚ್ಚು ನೀರು ಹಿಡಿದುಕೊಳ್ಳುತ್ತದೆ.

ಡಿಪ್ಲೊಮಾ_ಹುಡುಗ
ಮೇಡಂ, ಹಾಗಿದ್ದರೆ 33 ಎನ್ನುವುದು ಪಾಸಾ ಫೇಲಾ? ನಮ್ಮ ಕಾಲೇಜಿನಲ್ಲಿ 30 ದಾಟಿದರೆ ಪಾಸ್ ಅಂತ ಹೇಳಿಕೊಟ್ಟಿದ್ದಾರೆ.

ನಿವೃತ್ತ_ಸಬ್‌ಸ್ಟೇಶನ್
ಆ 30 ಎಲ್ಲಿಂದ ಬಂತು ಗೊತ್ತಾ? ಹೊಸ ಎಣ್ಣೆಗೆ ಇದ್ದ ಹಳೆಯ ಭಾರತೀಯ ಮಾನದಂಡ ಐಎಸ್ 335ರಲ್ಲಿ ಡ್ರಮ್ಮಿನಿಂದ ಹಾಗೇ ತೆಗೆದದ್ದಕ್ಕೆ 30, ಫಿಲ್ಟರ್ ಮಾಡಿದ ಮೇಲೆ 60 ಅಂತ ಇತ್ತು. ಬಳಕೆಯಲ್ಲಿರುವ ಎಣ್ಣೆಗೆ ನೋಡಬೇಕಾದದ್ದು ಐಎಸ್ 1866. ಅದರಲ್ಲಿ ಪಾಸು ಫೇಲು ಇಲ್ಲ, ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟಿದೆ ಅಂತ ಮೂರು ಮನೆ. ಇಂಥ 11 ಕೆವಿ ಟ್ರಾನ್ಸ್‌ಫಾರ್ಮರಿಗೆ ಬಿಡಿವಿ 40 ದಾಟಿದರೆ ಚೆನ್ನಾಗಿದೆ, 30ರ ಕೆಳಗಾದರೆ ಕೆಟ್ಟಿದೆ. ನೀರಿಗೆ 30 ಮತ್ತು 40 ಪಿಪಿಎಂ ಗೆರೆಗಳು. ಆಸಿಡಿಟಿಗೆ 0.15 ಮತ್ತು 0.30. ಇವರ ಮೂರೂ ಸಂಖ್ಯೆ ನಡುವಿನ ಮನೆಯಲ್ಲಿ ಕೂತಿವೆ. ಅದಕ್ಕೇ ಇಷ್ಟು ಚರ್ಚೆ. ಇದೇ 33, 220 ಕೆವಿ ಟ್ರಾನ್ಸ್‌ಫಾರ್ಮರಿನಲ್ಲಿ ಬಂದಿದ್ದರೆ ಚರ್ಚೆಯೇ ಇಲ್ಲ, ಅಲ್ಲಿ 50ರ ಕೆಳಗೆ ಹೋದರೇ ಕೆಟ್ಟದ್ದು.

ಎಣ್ಣೆ_ಪರೀಕ್ಷಕಿ
ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಿಡಿವಿ, ನೀರು ಎರಡೂ ಏರಿಳಿಯುವ ಸಂಖ್ಯೆಗಳು. ಫಿಲ್ಟರ್ ಮಾಡಿದರೆ ಸರಿಯಾಗುತ್ತವೆ. ಆಸಿಡಿಟಿ ಏರುತ್ತದೆ, ತಾನಾಗಿ ಇಳಿಯುವುದಿಲ್ಲ, ಮತ್ತು ಆ ಆಸಿಡ್ಡೇ ನೀರಿನ ಜೊತೆ ಸೇರಿ ಪೇಪರನ್ನು ತಿನ್ನುತ್ತದೆ. ಎಣ್ಣೆ ಬದಲಿಸಬೇಕೇ ಎನ್ನುವ ಪ್ರಶ್ನೆಗೆ ಉತ್ತರ ಇರುವುದು ಆಸಿಡಿಟಿಯಲ್ಲಿ. 0.27 ಗೆರೆಯ ಅಂಚಿನಲ್ಲಿದೆ. ಮಲ್ಪೆಯವರು ಇನ್ನೊಂದು ಪರೀಕ್ಷೆ ಮಾಡಿಸಲಿ: ಇಂಟರ್‌ಫೇಶಿಯಲ್ ಟೆನ್ಶನ್, ಅಂದರೆ ಐಎಫ್‌ಟಿ. ಎಣ್ಣೆ ಕೆಡುತ್ತಾ ಹೋದಂತೆ ನೀರಿನ ಮೇಲೆ ಅದರ ಬಿಗಿ ಸಡಿಲವಾಗುತ್ತದೆ. 25ರ ಮೇಲಿದ್ದರೆ ಧೈರ್ಯವಾಗಿರಬಹುದು. 20ರ ಕೆಳಗೆ ಬಂದರೆ ಕೆಸರು ಕಟ್ಟುವ ದಿನ ದೂರವಿಲ್ಲ. ಬೆಂಗಳೂರಿನ ಸಿಪಿಆರ್‌ಐನಲ್ಲಿ ಮಾಡುತ್ತಾರೆ, ಖಾಸಗಿ ಲ್ಯಾಬುಗಳೂ ಇವೆ. ಅದೇ ಬಾಟಲಿಯಲ್ಲಿ ಕರಗಿದ ಗ್ಯಾಸ್‌ಗಳ ಪರೀಕ್ಷೆ ಬೇಡ, ಅದಕ್ಕೆ ಗಾಜಿನ ಸಿರಿಂಜಿನಲ್ಲಿ ಬೇರೆ ತೆಗೆಸಿ. ಅದನ್ನು ಮುಂದಿನ ಫಿಲ್ಟರಿಗೆ ಮೊದಲೇ ಮಾಡಿಸಿ. ವ್ಯಾಕ್ಯೂಮ್ ಮಷೀನ್ ಗ್ಯಾಸನ್ನೆಲ್ಲ ಎಳೆದುಬಿಟ್ಟರೆ ವೈಂಡಿಂಗಿನಲ್ಲಿ ಏನಾದರೂ ಸುಡುತ್ತಿದ್ದ ಸುಳಿವೂ ಅದರ ಜೊತೆಗೇ ಹೋಗುತ್ತದೆ.

ಡಿಪ್ಲೊಮಾ_ಹುಡುಗ
ಇಷ್ಟೆಲ್ಲ ಯಾಕೆ, ಎರಡೂವರೆ ಬ್ಯಾರಲ್ ಹೊಸ ಎಣ್ಣೆ ಹಾಕಿದರೆ ಎಲ್ಲ ಒಂದೇ ಏಟಿಗೆ ಮುಗಿಯಲ್ವಾ?

ಎಣ್ಣೆ_ಪರೀಕ್ಷಕಿ
ಮುಗಿಯುವುದಿಲ್ಲಪ್ಪ. ಟ್ಯಾಂಕ್ ಖಾಲಿ ಮಾಡಿದರೂ ಹಳೆಯ ಎಣ್ಣೆಯ ಸುಮಾರು ಹತ್ತನೇ ಒಂದು ಭಾಗ ಪೇಪರು, ಬೋರ್ಡುಗಳಲ್ಲಿ ಹೀರಿಕೊಂಡು ಉಳಿಯುತ್ತದೆ. ಹೊಸ ಎಣ್ಣೆ 0.01ರಲ್ಲಿ ಬಂದರೂ, ಸೇರಿದ ಮೇಲೆ 0.03, 0.04ರಿಂದ ಶುರು. ಆಮೇಲೆ ಪೇಪರಿನೊಳಗಿನ ಆಸಿಡ್ ನಿಧಾನವಾಗಿ ಹೊರಬಂದು ಇನ್ನೂ ಏರುತ್ತದೆ. ಬಿಸಿ ಹೊಸ ಎಣ್ಣೆಯಿಂದ ಒಮ್ಮೆ ತೊಳೆದು, ಅದನ್ನು ಚೆಲ್ಲಿ, ಆಮೇಲೆ ತುಂಬಿದರೆ ವಾಸಿ. ನೀರಂತೂ ಪೇಪರಿನಲ್ಲೇ ಇದೆಯಲ್ಲ, ಹೊಸ ಎಣ್ಣೆ ಬಂದರೆ ಅದಕ್ಕೂ ಚಮಚ ಚಮಚ ಕೊಡುತ್ತದೆ.

ಫಿಲ್ಟರ್_ಬಸಣ್ಣ
ಇದು ಖರೇ ಮಾತು. ಹೊಸ ಎಣ್ಣಿ ಹಾಕಿ ಆರು ತಿಂಗಳಿಗೆ ಮತ್ತ ಬಿಡಿವಿ ಬಿದ್ದದ್ದಕ್ಕ ಬೈಸಿಕೊಂಡೀನಿ, ಯಾಕ ಅಂತ ಈಗ ತಿಳೀತು. ಹಂಗಾದ್ರ ಪೇಪರ್ ಒಣಗಿಸೂದು ಹೆಂಗ? ನಾಲ್ಕು ತಾಸಿನಾಗ ಆಗೂದಿಲ್ಲ ಅಂತ ನಂಗೂ ಗೊತ್ತು. ಆದ್ರ ಯಾರೂ ನಾಲ್ಕು ತಾಸಿಗಿಂತ ಹೆಚ್ಚು ರೊಕ್ಕ ಕೊಡೂದಿಲ್ಲ.

ನಿವೃತ್ತ_ಸಬ್‌ಸ್ಟೇಶನ್
ನಾವು ಮಾಡುತ್ತಿದ್ದದ್ದು ಹೀಗೆ. ಲೈನ್ ಬಂದ್, ಎರಡೂ ಕಡೆ ಅರ್ತ್. ರೇಡಿಯೇಟರಿನ ವಾಲ್ವ್ ಮುಚ್ಚಬೇಕು, ವಾಲ್ವ್ ಇಲ್ಲದಿದ್ದರೆ ಟಾರ್ಪಾಲ್ ಹೊದಿಸಿ ಬಿಸಿ ಹೋಗದಂತೆ ಕಾಯಬೇಕು. ತಳದ ವಾಲ್ವಿನಿಂದ ಎಳೆದು, ಮಷೀನಿನಲ್ಲಿ 60 ಡಿಗ್ರಿಗೆ ಕಾಯಿಸಿ, ವ್ಯಾಕ್ಯೂಮಿನಲ್ಲಿ ಹಾಯಿಸಿ, ಮೇಲಿನ ವಾಲ್ವಿಗೆ ವಾಪಸ್. ಎಣ್ಣೆಯ ಬಿಡಿವಿ ಒಂದೆರಡು ಸುತ್ತಿಗೇ 60 ತೋರಿಸುತ್ತದೆ. ಅಲ್ಲಿಗೆ ಎಲ್ಲರೂ ಮಷೀನ್ ನಿಲ್ಲಿಸುವುದು. ನಿಲ್ಲಿಸಬಾರದು. ಗಂಟೆಗೊಮ್ಮೆ ಮೆಗ್ಗರ್ ಹಿಡಿದು ವೈಂಡಿಂಗಿನ ಇನ್ಸುಲೇಶನ್ ರೀಡಿಂಗ್ ಬರೆದುಕೊಳ್ಳಿ. ಬಿಸಿ ಏರುತ್ತಿದ್ದ ಹಾಗೆ ಅದು ಬೀಳುತ್ತದೆ, ನೋಡಿದವರಿಗೆ ಗಾಬರಿಯಾಗುತ್ತದೆ. ಬಿಸಿ 60ಕ್ಕೆ ನಿಂತ ಮೇಲೆ ತಳದಲ್ಲೇ ಬಹಳ ಹೊತ್ತು ಮಲಗಿರುತ್ತದೆ, ಆಗ ಪೇಪರು ನೀರು ಬಿಡುತ್ತಿದೆ. ಆಮೇಲೆ ಅದೇ ಬಿಸಿಯಲ್ಲಿ ನಿಧಾನವಾಗಿ ಏರಲು ಶುರುವಾಗುತ್ತದೆ. ಏರಿ ಒಂದು ಮಟ್ಟದಲ್ಲಿ ನಿಂತಾಗ ಮಷೀನ್ ನಿಲ್ಲಿಸಿ. ಎರಡು ದಿನವೂ ಆಗಬಹುದು, ನಾಲ್ಕೂ ಆಗಬಹುದು.

ಇದರಿಂದ ಪೇಪರು ಹೊಸದರಂತೆ ಒಣಗುವುದಿಲ್ಲ, ಸೈಟಿನಲ್ಲಿ ಅಷ್ಟು ಆಗುವುದೂ ಇಲ್ಲ. ನಾಲ್ಕು ಗಂಟೆಯ ಕೆಲಸಕ್ಕಿಂತ ಬಹಳ ಮೇಲು.

ಮಲ್ಪೆ_ಐಸ್‌ಪ್ಲಾಂಟ್
ಸರ್, ನಾಲ್ಕು ದಿನ ಬಂದ್ ಮಾಡಲು ನಮಗೆ ಒಂದೇ ಕಾಲ ಸಿಗುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಆಗ ಐಸ್ ಕೇಳುವವರಿಲ್ಲ. ಆಗಸ್ಟಿಗೆ ಬೋಟ್ ಇಳಿದರೆ ಮತ್ತೆ ಒಂದು ಗಂಟೆ ಬಂದ್ ಎಂದರೂ ಫೋನಿನ ಮೇಲೆ ಫೋನು. ಆದರೆ ಜೂನ್ ಎಂದರೆ ನಮ್ಮ ಕಡೆ ಹೊರಗೆ ತಲೆ ಹಾಕುವ ಹಾಗಿಲ್ಲ, ಹಗಲೂ ರಾತ್ರಿ ಮಳೆ. ಆ ಕಾಲದಲ್ಲಿ ಎಣ್ಣೆ ಮುಟ್ಟಬಹುದಾ?

ನಿವೃತ್ತ_ಸಬ್‌ಸ್ಟೇಶನ್
ಸುತ್ತು ಹಾಯಿಸುವುದಕ್ಕೆ ಅಡ್ಡಿಯಿಲ್ಲ, ಎಣ್ಣೆ ಹೊರಗಿನ ಗಾಳಿ ಕಾಣುವುದಿಲ್ಲ. ಶೀಟ್ ಕಟ್ಟಿಕೊಂಡು ಮಾಡಿ. ಆದರೆ ಎಣ್ಣೆ ಬದಲಿಸುವುದು ಬೇಡವೇ ಬೇಡ. ಟ್ಯಾಂಕ್ ಖಾಲಿಯಾಗುವಾಗ 500 ಲೀಟರ್ ಜಾಗಕ್ಕೆ 500 ಲೀಟರ್ ಮಳೆಗಾಲದ ಗಾಳಿ ನುಗ್ಗುತ್ತದೆ, ಒಣಗಿಸಿದ ಪೇಪರು ಅದರ ತೇವ ಕುಡಿಯುತ್ತದೆ. ಬದಲಿಸುವುದನ್ನು ಒಣ ದಿನಗಳಿಗೆ ಇಡಿ.

ಎಣ್ಣೆ_ಪರೀಕ್ಷಕಿ
ನನಗೆ ಅಷ್ಟು ಹೆದರಿಕೆಯಿಲ್ಲ. ಒಣ ನೈಟ್ರೋಜನ್ ಸಿಲಿಂಡರನ್ನು ಮೇಲಿನಿಂದ ಬಿಡುತ್ತಾ ಕೆಳಗಿನಿಂದ ಎಣ್ಣೆ ಇಳಿಸಿದರೆ ಮಳೆಗಾಳಿ ಒಳಗೆ ಬರುವುದಿಲ್ಲ. ಒತ್ತಡ ಕೂಡದಂತೆ ರೆಗ್ಯುಲೇಟರಿನ ಮೇಲೆ ಕಣ್ಣಿರಬೇಕು, ಮತ್ತು ಖಾಲಿಯಾದ ಟ್ಯಾಂಕಿನೊಳಗೆ ಯಾರೂ ತಲೆ ಹಾಕಬಾರದು, ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಹೊಸ ಎಣ್ಣೆಯನ್ನೂ ಡ್ರಮ್ಮಿನಿಂದ ನೇರ ಸುರಿಯಬೇಡಿ, ಮಷೀನಿನಲ್ಲಿ ಹಾಯಿಸಿಯೇ ತುಂಬಿ. ಆದರೆ ಐಎಫ್‌ಟಿ ನೋಡದೆ ಬದಲಿಸುವ ಮಾತೇ ಬೇಡ.

ನಿವೃತ್ತ_ಸಬ್‌ಸ್ಟೇಶನ್
ನೈಟ್ರೋಜನ್ ಸರಿ, ಮಾಡುವವರು ಸಿಗಬೇಕಲ್ಲ ಮೇಡಂ. ಜೂನಿನ ಮಳೆಯಲ್ಲಿ, ಗುತ್ತಿಗೆಯ ಹುಡುಗರ ಕೈಯಲ್ಲಿ. ನಾನಂತೂ ಹೇಳುವುದಿಲ್ಲ.

ಮಲ್ಪೆ_ಐಸ್‌ಪ್ಲಾಂಟ್ (ಮೂರು ವಾರದ ನಂತರ)
ಆದದ್ದನ್ನು ಬರೆಯುತ್ತೇನೆ. ಬ್ರೀದರಿನ ಮೇಲಿನ ಫ್ಲೇಂಜಿನ ಗ್ಯಾಸ್ಕೆಟ್ ಒಂದು ಬದಿ ಒಣಗಿ ಬಿರಿದಿತ್ತು, ಉಗುರು ಒಳಗೆ ಹೋಗುವಷ್ಟು. ಗ್ಯಾಸ್ಕೆಟ್ ಹೊಸದು, ಜೆಲ್ಲೂ ಹೊಸದು. ಕನ್ಸರ್ವೇಟರಿನ ತಳದ ಪ್ಲಗ್ ಬಿಚ್ಚಿದಾಗ ಮೊದಲು ಎಣ್ಣೆಯ ಜೊತೆ ನೀರಿನ ಹನಿಗಳೇ ಉರುಳಿ ಬಂದವು, ಅರ್ಧ ಲೋಟದಷ್ಟು ತುಕ್ಕಿನ ಬಣ್ಣದ ಎಣ್ಣೆ.

ಐಎಫ್‌ಟಿ 19 ಬಂದಿದೆ. ಗ್ಯಾಸ್ ರಿಪೋರ್ಟಿನಲ್ಲಿ ಹೆದರುವಂಥದ್ದೇನೂ ಇಲ್ಲವಂತೆ.

ಎಣ್ಣೆ_ಪರೀಕ್ಷಕಿ
19 ಮತ್ತು 0.27 ಜೋಡಿಯಾಗಿ ಬಂದರೆ ಎಣ್ಣೆಯ ಆಯಸ್ಸು ಮುಗಿಯುತ್ತಾ ಬಂದಿದೆ ಎಂದೇ ನನ್ನ ಓದು. ನಿಮ್ಮ ಗುತ್ತಿಗೆದಾರರು ತಪ್ಪು ಕಾರಣ ಕೊಟ್ಟು ಸರಿ ಸಲಹೆ ಹೇಳಿದ್ದಾರೆ. ದೊಡ್ಡ ಟ್ರಾನ್ಸ್‌ಫಾರ್ಮರಾಗಿದ್ದರೆ ಫುಲ್ಲರ್ಸ್ ಅರ್ತ್ ಹಾಯಿಸಿ ಉಳಿಸಿಕೊಳ್ಳಿ ಎನ್ನುತ್ತಿದ್ದೆ. 500 ಲೀಟರಿಗೆ ಆ ಪ್ಲಾಂಟ್ ತರಿಸುವ ಸಾಗಾಣಿಕೆ ಖರ್ಚೇ ಹೆಚ್ಚು.

ಫಿಲ್ಟರ್_ಬಸಣ್ಣ
ನಾ ಮೊದಲ ಹೇಳಿದ್ನಲ್ರಿ ಬದಲಿ ಮಾಡ್ರಿ ಅಂತ! 😄

ಮಲ್ಪೆ_ಐಸ್‌ಪ್ಲಾಂಟ್
ಮಾಲೀಕರ ಜೊತೆ ಕೂತು ಮಾತಾಡಿದೆ. ಜೂನಿನಲ್ಲಿ ಮೂರು ದಿನ ಬಿಸಿ ಸುತ್ತು, ಮೆಗ್ಗರ್ ರೀಡಿಂಗ್ ನಾನೇ ಬರೆದುಕೊಳ್ಳುವುದು ಎಂದು ಗುತ್ತಿಗೆಯಲ್ಲೇ ಬರೆಸಿದ್ದೇವೆ. ನಾಲ್ಕು ತಾಸಿನ ರೇಟಿಗೆ ಅಲ್ಲ, ಬಸಣ್ಣ. ಎಣ್ಣೆ ಬದಲಿಸುವುದು ದೀಪಾವಳಿ ಕಳೆದು, ಮಳೆ ಪೂರ್ತಿ ನಿಂತ ಮೇಲೆ ಒಂದು ಭಾನುವಾರ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬಿಡಿವಿ, ನೀರು ನೋಡಿಸುತ್ತೇವೆ. ಗ್ಯಾಸ್ಕೆಟ್ ಮುಚ್ಚಿದ ಮೇಲೂ ಪಿಪಿಎಂ ಏರಿದರೆ ಮೇಡಂ ಗೆದ್ದರು, ನಿಂತರೆ ಸರ್ ಗೆದ್ದರು.

ಇವತ್ತು ಬೆಳಿಗ್ಗೆ ಬ್ರೀದರ್ ನೋಡಿದೆ. ತಳದಲ್ಲಿ ಒಂದು ಬೆರಳಿನಷ್ಟು ಪಿಂಕ್ ಆಗಿದೆ, ಮೇಲೆಲ್ಲ ನೀಲಿ.